ಬೆಲ್ಲ ಬೆವರಿದ ವಾರ

‘ವಾಪಸ್ ತಗೊಳ್ಳಿ ಅಂತ ನಾನೆಲ್ಲಿ ಕೇಳಿದೆ ತಾಯಿ?’

ಮಂಗಳವಾರ ಉಡುಪಿಯ ಗ್ರಾಹಕರೊಬ್ಬರಿಂದ ಬಂದ ಈ ಸಾಲು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಮಂಡ್ಯದ ಅಚ್ಚು ಬೆಲ್ಲವನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಮಳೆ ಹಿಡಿದರೆ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಬೆವರುತ್ತದೆ. ಕರಾವಳಿಗೆ ಹೋದದ್ದು ಇನ್ನೂ ಜಾಸ್ತಿ. ಉಡುಪಿಯ ಆ ಅಮ್ಮ ಕೇಳಿದ್ದು ಇಷ್ಟೇ: ‘ಬೆಲ್ಲ ನೀರು ಬಿಟ್ಟಿದೆ, ತಿನ್ನಬಹುದಾ?’ ನಮ್ಮಿಂದ ಹೋದ ಉತ್ತರ: ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಿಯಮದ ಪ್ರಕಾರ ಆಹಾರ ಪದಾರ್ಥ ವಾಪಸ್ ಪಡೆಯುವುದಿಲ್ಲ.’

ಕಳಿಸಿದ್ದು ಪ್ಯಾಕಿಂಗ್ ನೋಡುವ ಹುಡುಗಿ. ‘ಅಕ್ಕಾ, ನೀವು ಬರೆದಿಟ್ಟಿದ್ದನ್ನೇ ಕಳಿಸಿದೆ’ ಅಂದಳು. ನಿಜ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಆ ಕ್ವಿಕ್ ರಿಪ್ಲೈ ಹಾಕಿದವಳು ನಾನೇ. ಅವಳು ಶ್ರದ್ಧೆಯ ಹುಡುಗಿ, ಅವಳ ತಪ್ಪಿಲ್ಲ. ಆ ಅಮ್ಮ ತಿನ್ನಬಹುದಾ ಅಂತ ಕೇಳಿದರು, ನಾವು ವಾಪಸ್ ಇಲ್ಲ ಅಂದೆವು. ಕೇಳುವ ಮೊದಲೇ ಬಾಗಿಲು ಹಾಕಿದ ಹಾಗಾಯಿತು, ಅಲ್ವಾ?

ನಿಯಮವೂ ಅರ್ಧ ಸುಳ್ಳು. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಸರಕು ಕೆಟ್ಟಿದ್ದರೆ ಅಥವಾ ನಾವು ಹೇಳಿದಂತೆ ಇಲ್ಲದಿದ್ದರೆ ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ‘ರುಚಿ ಹಿಡಿಸಲಿಲ್ಲ’ ಅನ್ನುವವರಿಗೆ ಆಗಲ್ಲ ಅನ್ನಬಹುದು. ಹುಳಿ ಬಂದ ಬೆಲ್ಲಕ್ಕೆ ಅನ್ನುವಂತಿಲ್ಲ. ‘ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಅತ್ತಿಗೆ’ ಅಂತ ನನ್ನ ಮೈದುನ ಹೇಳುತ್ತಾನೆ. ಲೆಕ್ಕದಲ್ಲಿ ಚುರುಕು, ಆದರೆ ಜನರನ್ನು ಅಷ್ಟು ಅನುಮಾನಿಸಬಾರದು.

ಅವತ್ತು ರಾತ್ರಿ ಕೂತು ಹೀಗೆ ಬರೆದೆ:

‘ಅಮ್ಮಾ, [ಅವರು ಹೇಳಿದ್ದು] ಓದಿದೆ. ಮೇಲೆ ಮಾತ್ರ ಅಂಟಂಟಾಗಿದ್ದರೆ ಅದು ಮಳೆಗಾಲದ ತೇವ, ತಿನ್ನಬಹುದು. ಒರೆಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಹುಳಿ ವಾಸನೆ ಅಥವಾ ಬೂಸ್ಟು ಇದ್ದರೆ ತಿನ್ನಬೇಡಿ. ಒಂದು ಫೋಟೋ ಕಳಿಸಿ, [ದಿನ]ದೊಳಗೆ ಬೇರೆ ಬೆಲ್ಲ ಅಥವಾ ಹಣ, ನಿಮಗೆ ಬೇಕಾದ್ದು ಕಳಿಸುತ್ತೇವೆ. ಚೆನ್ನಾಗಿರುವ ಬೆಲ್ಲವನ್ನು ಮಾತ್ರ ವಾಪಸ್ ಪಡೆಯಲು ಆಗಲ್ಲ. ಒಮ್ಮೆ ಬಿಚ್ಚಿದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ.’

ಎರಡು ಜಾಗ ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಅವರ ಮಾತನ್ನು ಟೈಪ್ ಮಾಡಬೇಕಾದರೆ ಹುಡುಗಿ ಅದನ್ನು ಓದಲೇಬೇಕು. ‘ಶೀಘ್ರದಲ್ಲೇ’ ಅನ್ನುವ ಬದಲು ದಿನ ಬರೆದರೆ ನಾವೂ ಅದಕ್ಕೆ ಕಟ್ಟುಬೀಳುತ್ತೇವೆ. ವಿಷಾದದ ಸಾಲು ತೆಗೆದೆ. ಫೋಟೋದಲ್ಲಿ ತಪ್ಪು ನಮ್ಮದು ಅಂತ ಕಂಡಾಗ ‘ಇದು ನಮ್ಮ ತಪ್ಪು’ ಅಂತಲೇ ಬರೆಯಬೇಕು. ಆಗಲ್ಲ ಅನ್ನುವುದು ಕೊನೆಗೆ, ಕಾರಣದ ಜೊತೆ.

ಬುಧವಾರ ಫೋಟೋ ಬಂತು. ಎಂಟು ಅಚ್ಚು ಸರಿಯಿದ್ದವು. ಎರಡರ ಮೇಲೆ ಬಿಳಿ ಬೂಸ್ಟು, ಕವರಿನ ಅಂಚು ಬಿಟ್ಟುಕೊಂಡಿತ್ತು. ಅಂಟಿಸಿದ್ದು ನಾವೇ. ಪೂರ್ತಿ ಪ್ಯಾಕೆಟ್ಟು ಬೇರೆ ಕಳಿಸಿದೆವು. ‘ಎರಡೇ ಸಾಕಿತ್ತು’ ಅಂದರು ಆ ಅಮ್ಮ.

ಕೊರಿಯರ್ ತಡವಾದಾಗ ಕಳಿಸುವ ಉತ್ತರ ಇನ್ನೂ ಹಳೆಯದೇ ಇದೆ. ಈ ಭಾನುವಾರ ಹುಡುಗಿಯನ್ನೂ ಕೂರಿಸಿಕೊಂಡು ಅದನ್ನು ಬರೆಯಬೇಕು.