ಎರಡು ಗುಡ್ಡ ಎಲ್ಲಿ ಹೋಯಿತು?

"ಸರ್, ಎರಡು ನಾರ್ಮಲ್ ಕೂಡಿದರೆ ಎರಡು ಗುಡ್ಡ ಬರಬೇಕಲ್ವಾ? ಎಂಜಿಎಫ್ ಗುಣಿಸಿದ ತಕ್ಷಣ ಮತ್ತೆ ಒಂದೇ ನಾರ್ಮಲ್ ಅಂತ ಹೇಗೆ ಹೇಳ್ತೀರಿ?"

ಎರಡು ಸ್ವತಂತ್ರ ನಾರ್ಮಲ್ ಚರಗಳ ಮೊತ್ತವೂ ನಾರ್ಮಲ್ಲೇ ಅಂತ ಹೇಳಿದಾಗ ಬರುವ ಪ್ರಶ್ನೆ ಇದು. ಮೊದಲು ಗುಡ್ಡದ ವಿಷಯ ಮುಗಿಸೋಣ. ನಾನು ಶಿರಸಿಯಲ್ಲಿ ಬಿ.ಎಸ್ಸಿ ಹುಡುಗರಿಗೆ ಸಂಜೆ ಪಾಠ ಹೇಳುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಬೋರ್ಡಿಗೆ ಬಂದು ಅಕ್ಕಪಕ್ಕ ಎರಡು ಗುಡ್ಡ ಬರೆದು ತೋರಿಸುತ್ತಾರೆ. ಅವರಿಗೆ ನಾನು ಕಾರವಾರದ ಮೀನು ಪೇಟೆಯ ಮಾತು ಹೇಳುತ್ತೇನೆ.

ಒಂದು ಬುಟ್ಟಿಯಲ್ಲಿ ತಾರ್ಲೆ, ಬಂಗಡೆ ಎರಡೂ ಕಲಸಿ ಹಾಕಿದ್ದಾರೆ ಅಂತ ಇಟ್ಟುಕೊಳ್ಳಿ. ಕೈ ಹಾಕಿ ಒಂದೊಂದೇ ಮೀನು ತೆಗೆದು ತೂಗಿ ಬರೆದಿಡಿ. ಆ ತೂಕಗಳ ಚಿತ್ರದಲ್ಲಿ ಎರಡು ಗುಡ್ಡ ಏಳುತ್ತದೆ, ಸಣ್ಣ ತಾರ್ಲೆಯದ್ದು ಒಂದು, ದಪ್ಪ ಬಂಗಡೆಯದ್ದು ಇನ್ನೊಂದು. ಇದು ಕಲಸುವುದು. ಈಗ ಬೇರೆ ಕೆಲಸ ಮಾಡಿ. ಒಂದು ತಾರ್ಲೆ, ಒಂದು ಬಂಗಡೆ, ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ. ಬಂದ ಒಂದೇ ತೂಕ ಬರೆಯಿರಿ. ಮತ್ತೆ ಒಂದು ಜೋಡಿ, ಮತ್ತೊಂದು ಜೋಡಿ. ಈಗ ಎರಡನೇ ಗುಡ್ಡಕ್ಕೆ ಜಾಗವೇ ಇಲ್ಲ. ಪ್ರತಿ ಸಲವೂ ತಾರ್ಲೆ ಇದೆ, ಬಂಗಡೆಯೂ ಇದೆ. X + Y ಅಂದರೆ ಇದು. ಗುಡ್ಡಗಳನ್ನು ಕೂಡುತ್ತಿಲ್ಲ, ತೂಕಗಳನ್ನು ಕೂಡುತ್ತಿದ್ದೇವೆ.

ಒಂದೇ ಗುಡ್ಡ ಬಂತು, ಸರಿ. ಅದು ನಾರ್ಮಲ್ ಗುಡ್ಡವೇ ಅಂತ ಹೇಗೆ ಗೊತ್ತು? ಡೆನ್ಸಿಟಿಗಳನ್ನು ಹಿಡಿದು ನೇರವಾಗಿಯೂ ಮಾಡಬಹುದು. ಆದರೆ ಆ ಇಂಟೆಗ್ರಲ್ಲಿನಲ್ಲಿ ಅರ್ಧ ಪುಟ ಬೀಜಗಣಿತ ಬರುತ್ತದೆ, ಎಲ್ಲೋ ಒಂದು ಮೈನಸ್ ಕಳೆದುಹೋಗುತ್ತದೆ. ಮೊಮೆಂಟ್ ಜನರೇಟಿಂಗ್ ಫಂಕ್ಷನ್, ಅಂದರೆ ಎಂಜಿಎಫ್, ಆ ತಾಪತ್ರಯ ತಪ್ಪಿಸುತ್ತದೆ. ಅದರ ಅರ್ಥ ಇಷ್ಟೇ:

M_X(t) = E[e^(tX)]

ಘಾತದಲ್ಲಿ X ಕೂತಿರುವುದೇ ಇದರ ಗುಟ್ಟು. X + Y ಘಾತಕ್ಕೆ ಹೋದರೆ e^(tX) · e^(tY) ಅಂತ ಒಡೆಯುತ್ತದೆ. ಕೂಡುವುದು ಗುಣಿಸುವುದಾಗುತ್ತದೆ.

ಮೊದಲು ಸ್ಟ್ಯಾಂಡರ್ಡ್ ನಾರ್ಮಲ್ Z ತೆಗೆದುಕೊಳ್ಳಿ. ಸರಾಸರಿ 0, ವೇರಿಯನ್ಸ್ 1. ಸೀದಾ μ, σ ಇಟ್ಟುಕೊಂಡು ಶುರು ಮಾಡುವವರು ಸುಮ್ನೆ ಕಷ್ಟಪಡುತ್ತಾರೆ. ಇಂಟೆಗ್ರಲ್ ಒಳಗೆ ಘಾತದಲ್ಲಿ ಇರುವುದು tz − z²/2. ಅದನ್ನು ಹೀಗೆ ಬರೆಯಿರಿ:

tz − z²/2 = t²/2 − (z − t)²/2

ಬಲಗಡೆಯದ್ದನ್ನು ಬಿಡಿಸಿ ನೋಡಿ. −t²/2 ಮತ್ತು +t²/2 ಹೊಡೆದುಹೋಗುತ್ತದೆ, ಎಡಗಡೆಯದ್ದೇ ಉಳಿಯುತ್ತದೆ. ಈಗ t²/2 ದಲ್ಲಿ z ಇಲ್ಲ, ಹಾಗಾಗಿ e^(t²/2) ಇಂಟೆಗ್ರಲ್ಲಿನ ಹೊರಗೆ ಬರುತ್ತದೆ. ಒಳಗೆ ಉಳಿದದ್ದು (1/√(2π)) e^(−(z−t)²/2). ಇದನ್ನು ಇಂಟೆಗ್ರೇಟ್ ಮಾಡಲು ಕೂರಬೇಡಿ, ಗುರುತು ಹಿಡಿಯಿರಿ. ಸರಾಸರಿ t ಇರುವ ನಾರ್ಮಲ್ ಡೆನ್ಸಿಟಿ ಅದು, ಒಟ್ಟು ಕ್ಷೇತ್ರಫಲ 1. ಗುಡ್ಡವನ್ನು t ಅಷ್ಟು ಪಕ್ಕಕ್ಕೆ ಸರಿಸಿದ್ದೇವೆ ಅಷ್ಟೇ, ಕ್ಷೇತ್ರಫಲ ಎಲ್ಲಿಗೂ ಹೋಗಿಲ್ಲ. ಹಾಗಾಗಿ M_Z(t) = e^(t²/2).

ಇನ್ನು X = μ + σZ ಅಂತ ಹಾಕಿದರೆ μ ಭಾಗ e^(μt) ಆಗಿ ಹೊರಗೆ ಬರುತ್ತದೆ, Z ಭಾಗದಲ್ಲಿ t ಇದ್ದಲ್ಲಿ σt ಕೂರುತ್ತದೆ:

M_X(t) = exp(μt + σ²t²/2)

ಇದರ ಆಕಾರ ಕಣ್ಣಿಗೆ ಕೂರಲಿ. t ಪಕ್ಕ ಸರಾಸರಿ, t²/2 ಪಕ್ಕ ವೇರಿಯನ್ಸ್. ಬೇರೆ ಏನೂ ಇಲ್ಲ.

ಈಗ X, Y ಸ್ವತಂತ್ರ ಅಂದುಕೊಳ್ಳಿ. E[e^(tX) e^(tY)] ಅನ್ನು E[e^(tX)] · E[e^(tY)] ಅಂತ ಬಿಡಿಸಬಹುದು. ಸ್ವಾತಂತ್ರ್ಯ ಬೇಕಾಗುವುದು ಇಡೀ ಸಾಧನೆಯಲ್ಲಿ ಇದೊಂದೇ ಹೆಜ್ಜೆಗೆ. ಉತ್ತರಪತ್ರಿಕೆಯಲ್ಲಿ "ಸ್ವತಂತ್ರವಾದ್ದರಿಂದ" ಅನ್ನುವ ಮಾತು ಇಲ್ಲೇ ಬರಬೇಕು, ಮೇಲೆ ಶೀರ್ಷಿಕೆಯ ಕೆಳಗಲ್ಲ. ಗುಣಿಸಿದರೆ ಘಾತಗಳು ಕೂಡುತ್ತವೆ:

M_(X+Y)(t) = exp((μ₁ + μ₂)t + (σ₁² + σ₂²)t²/2)

ಅದೇ ಆಕಾರ, ಸರಾಸರಿ μ₁ + μ₂, ವೇರಿಯನ್ಸ್ σ₁² + σ₂². ಹೆಚ್ಚಿನವರು ಇಲ್ಲೇ "ಸಾಧಿಸಲಾಗಿದೆ" ಅಂತ ಗೆರೆ ಎಳೆಯುತ್ತಾರೆ. ಹಿಂದೊಮ್ಮೆ ನಾನೂ ಹಾಗೇ ಮಾಡಿ ಎರಡು ಅಂಕ ಕಳೆದುಕೊಂಡಿದ್ದೆ. ಆಗ ಸಿಟ್ಟು ಬಂದಿತ್ತು, ಈಗ ನಾನೇ ಆ ಎರಡು ಅಂಕ ಕತ್ತರಿಸುತ್ತೇನೆ. ಯಾಕೆಂದರೆ ನಾವು ತೋರಿಸಿದ್ದು X + Y ನ ಎಂಜಿಎಫ್ ಒಂದು ನಾರ್ಮಲ್ಲಿನ ಎಂಜಿಎಫ್ ಹಾಗೇ ಇದೆ ಅಂತ ಮಾತ್ರ. ಬೇರೆ ಯಾವುದಾದರೂ ಡಿಸ್ಟ್ರಿಬ್ಯೂಷನ್ನಿಗೂ ಅದೇ ಎಂಜಿಎಫ್ ಇದ್ದರೆ?

ಇರೋದಿಲ್ಲ. ಎರಡು ಎಂಜಿಎಫ್‌ಗಳು t = 0 ಸುತ್ತಲಿನ ಯಾವುದೋ ಒಂದು ಅಂತರದಲ್ಲಿ, ಎಷ್ಟೇ ಸಣ್ಣದಿರಲಿ, ಸೀಮಿತವಾಗಿದ್ದು ಒಂದೇ ಆಗಿದ್ದರೆ ಡಿಸ್ಟ್ರಿಬ್ಯೂಷನ್ನೂ ಒಂದೇ. ಇದನ್ನು ಏಕತೆಯ ಪ್ರಮೇಯ ಅನ್ನುತ್ತಾರೆ. ಇದರ ಸಾಧನೆ ಸುಲಭದ್ದಲ್ಲ, ಬಿ.ಎಸ್ಸಿಯಲ್ಲಿ ಹೆಸರು ಹೇಳಿ ಬಳಸಿದರೆ ಸಾಕು. ನಾರ್ಮಲ್ಲಿಗೆ ಎಂಜಿಎಫ್ ಎಲ್ಲ t ಗೂ ಸೀಮಿತ, ಹಾಗಾಗಿ ತೊಂದರೆ ಇಲ್ಲ. ಕೌಶಿ ಡಿಸ್ಟ್ರಿಬ್ಯೂಷನ್ನಿಗೆ ಇದು ನಡೆಯುವುದಿಲ್ಲ. ಸ್ವತಂತ್ರ ಕೌಶಿಗಳ ಮೊತ್ತವೂ ಕೌಶಿಯೇ, ಆದರೆ ಅಲ್ಲಿ t = 0 ಬಿಟ್ಟು ಎಲ್ಲ ಕಡೆ E[e^(tX)] ಅನಂತ. ಅಲ್ಲಿ e^(itX) ಹಿಡಿದುಕೊಂಡು ಕ್ಯಾರಕ್ಟರಿಸ್ಟಿಕ್ ಫಂಕ್ಷನ್ ದಾರಿ ಹಿಡಿಯಬೇಕು.

ಇನ್ನು ಅಂಕಿ ಹಾಕಿ ನೋಡೋಣ. ಶಿರಸಿಯಿಂದ ಕಾರವಾರಕ್ಕೆ ಕುಮಟೆಯಲ್ಲಿ ಬಸ್ ಬದಲಿಸಿ ಹೋಗುವವರು ಇದ್ದಾರಲ್ಲ. ಲೆಕ್ಕಕ್ಕೆ ಅಂತ ಹೀಗೆ ಹಿಡಿಯೋಣ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಸರಾಸರಿ 110 ನಿಮಿಷ, ಎಸ್‌ಡಿ 12. ಕುಮಟೆಯಿಂದ ಅಂಕೋಲೆ ದಾಟಿ ಕಾರವಾರಕ್ಕೆ ಸರಾಸರಿ 90, ಎಸ್‌ಡಿ 9. ಎರಡೂ ನಾರ್ಮಲ್, ಎರಡೂ ಸ್ವತಂತ್ರ. ಕುಮಟೆ ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತ ಕಾಯುವ ಹೊತ್ತು ಬಿಟ್ಟುಬಿಡಿ. ಬಸ್ಸಿನಲ್ಲಿ ಕಳೆದ ಒಟ್ಟು ಸಮಯ 230 ನಿಮಿಷ ಮೀರುವ ಸಾಧ್ಯತೆ ಎಷ್ಟು?

ಸರಾಸರಿ 110 + 90 = 200. ವೇರಿಯನ್ಸ್ 144 + 81 = 225. ಎಸ್‌ಡಿ ಅದರ ವರ್ಗಮೂಲ, 15. 230 ಅಂದರೆ ಸರಾಸರಿಗಿಂತ 30 ಜಾಸ್ತಿ, ಎರಡು ಎಸ್‌ಡಿ ಆಚೆ. ಟೇಬಲ್ ನೋಡಿದರೆ ಸಾಧ್ಯತೆ ಸುಮಾರು 2.3%. ನೂರು ಸಲ ಹೋದರೆ ಎರಡೋ ಮೂರೋ ಸಲ.

ಇಲ್ಲಿ ಅರ್ಧ ಕ್ಲಾಸು 12 + 9 = 21 ಅಂತ ಎಸ್‌ಡಿಗಳನ್ನೇ ಕೂಡಿಬಿಡುತ್ತದೆ. ಆಗ ಸಾಧ್ಯತೆ 7.6% ಬರುತ್ತದೆ, ಮೂರು ಪಟ್ಟಿಗಿಂತ ಜಾಸ್ತಿ. ಎಂಜಿಎಫ್ ನೆನಪಿದ್ದರೆ ಈ ತಪ್ಪು ಆಗುವುದೇ ಇಲ್ಲ, ಯಾಕೆಂದರೆ ಘಾತದಲ್ಲಿ σ ಎಲ್ಲೂ ಒಂಟಿಯಾಗಿಲ್ಲ, ಇರುವುದು σ² ಮಾತ್ರ. ವ್ಯತ್ಯಾಸಕ್ಕೂ ಅದೇ. X − Y ಬೇಕಿದ್ದರೆ Y ನ ಎಂಜಿಎಫ್‌ನಲ್ಲಿ t ಬದಲು −t ಹಾಕಿ. ಸರಾಸರಿಯ ಚಿಹ್ನೆ ತಿರುಗುತ್ತದೆ, t² ಗೆ ಏನೂ ಆಗುವುದಿಲ್ಲ. ಹಾಗಾಗಿ ವೇರಿಯನ್ಸ್ ಆಗಲೂ 225, 63 ಅಲ್ಲ.

ಆದರೆ ಜುಲೈ ತಿಂಗಳಲ್ಲಿ ಘಟ್ಟದಲ್ಲಿ ಕೂತವರು ಒಂದು ಆಕ್ಷೇಪ ಎತ್ತುತ್ತಾರೆ, ನ್ಯಾಯವಾದದ್ದೇ. ದೇವಿಮನೆಯಲ್ಲಿ ಕಿಟಕಿಯ ಗಾಜಿನಾಚೆ ಏನೂ ಕಾಣದಷ್ಟು ಮಳೆ ಹೊಡೆಯುತ್ತಿದ್ದರೆ ಕೆಳಗೆ ಹೈವೇಯಲ್ಲೂ ಮಳೆಯೇ ಇರುತ್ತದೆ. ಮೊದಲ ಬಸ್ಸು ತಡವಾದ ದಿನ ಎರಡನೆಯದ್ದೂ ತಡ. ಸ್ವತಂತ್ರ ಎಲ್ಲಿ ಬಂತು? ಎರಡರ ಕೊರಿಲೇಷನ್ 0.5 ಅಂತ ಹಿಡಿದರೆ ವೇರಿಯನ್ಸಿಗೆ 2 × 0.5 × 12 × 9 = 108 ಸೇರುತ್ತದೆ. 225 ಹೋಗಿ 333, ಎಸ್‌ಡಿ ಸುಮಾರು 18.2. ಮೊತ್ತ ಇನ್ನೂ ನಾರ್ಮಲ್ ಆಗಿದ್ದರೆ 230 ಮೀರುವ ಸಾಧ್ಯತೆ ಸುಮಾರು 5%, ಅಂದರೆ ಮೊದಲಿನ ಎರಡು ಪಟ್ಟು. ನಿಮ್ಮ ಬಳಿ ಅದೇ ಪ್ರಯಾಣಗಳ ಜೋಡಿ ಅಂಕಿಗಳಿದ್ದರೆ ಪತ್ತೆ ಹಚ್ಚುವುದು ಸುಲಭ. ಮೊತ್ತದ ವೇರಿಯನ್ಸ್ ಲೆಕ್ಕ ಹಾಕಿ. ಬಿಡಿ ವೇರಿಯನ್ಸ್‌ಗಳನ್ನು ಕೂಡಿದ್ದಕ್ಕಿಂತ ಅದು ತುಂಬಾ ದೂರ ಇದ್ದರೆ ಗುಣಾಕಾರದ ಹೆಜ್ಜೆ ನಿಮಗೆ ಸಲ್ಲದು.

ಮೇಲೆ "ಮೊತ್ತ ಇನ್ನೂ ನಾರ್ಮಲ್ ಆಗಿದ್ದರೆ" ಅಂತ ಬರೆದದ್ದು ಸುಮ್ನೆ ಅಲ್ಲ. ಸ್ವಾತಂತ್ರ್ಯ ಹೋದರೆ ಮೊತ್ತ ನಾರ್ಮಲ್ ಅಂತ ಖಾತ್ರಿ ಇಲ್ಲ. X, Y ಎರಡೂ ಸೇರಿ ಬೈವೇರಿಯೇಟ್ ನಾರ್ಮಲ್ ಆಗಿದ್ದರೆ ಸರಿ. ಒಂದೊಂದೂ ಬಿಡಿಬಿಡಿಯಾಗಿ ನಾರ್ಮಲ್ ಅಂದರೆ ಸಾಲದು. ಹುಡುಗರು ಇದನ್ನು ನಂಬೋದಿಲ್ಲ, ಅದಕ್ಕೆ ಒಂದು ನಾಣ್ಯ ತೆಗೆಯುತ್ತೇನೆ.

X ಸ್ಟ್ಯಾಂಡರ್ಡ್ ನಾರ್ಮಲ್. ಬೇರೆಯಾಗಿ ನಾಣ್ಯ ಚಿಮ್ಮಿ. ರಾಜ ಬಿದ್ದರೆ Y = X, ರಾಣಿ ಬಿದ್ದರೆ Y = −X. ನಾರ್ಮಲ್ ಗುಡ್ಡ ಎಡಬಲ ಒಂದೇ ಥರ ಇರುವುದರಿಂದ Y ಕೂಡ ಸ್ಟ್ಯಾಂಡರ್ಡ್ ನಾರ್ಮಲ್. ಎರಡರ ಕೊರಿಲೇಷನ್ 0. ಮೊತ್ತದ ಸರಾಸರಿ 0, ವೇರಿಯನ್ಸ್ 2. ಸ್ವತಂತ್ರವಾಗಿದ್ದರೂ ಇದೇ ಬರುತ್ತಿತ್ತು. ಮೇಲಿನ ವೇರಿಯನ್ಸ್ ಪರೀಕ್ಷೆ ಇಲ್ಲಿ ಏನೂ ಹಿಡಿಯುವುದಿಲ್ಲ. ಎಂಜಿಎಫ್ ಹಿಡಿಯುತ್ತದೆ. ರಾಣಿ ಬಿದ್ದಾಗ ಮೊತ್ತ ಸೊನ್ನೆ, ರಾಜ ಬಿದ್ದಾಗ 2X. ಹಾಗಾಗಿ

M_(X+Y)(t) = 1/2 + (1/2) e^(2t²)

ಗುಣಿಸಿದ್ದರೆ e^(t²) ಬರಬೇಕಿತ್ತು. t = 1 ಹಾಕಿ ನೋಡಿ. ಒಂದು ಕಡೆ 2.72, ಇನ್ನೊಂದು ಕಡೆ 4.19. ಈ ಮೊತ್ತದ ಚಿತ್ರ ಬರೆಯಲು ಹೋದರೆ ಸೊನ್ನೆಯ ಮೇಲೆ ಒಂದು ಕಂಬ ನಿಲ್ಲುತ್ತದೆ, ಅರ್ಧ ಸಂಭವ ಪೂರ್ತಿ ಆ ಒಂದೇ ಬಿಂದುವಿನಲ್ಲಿ. ಕಂಬದ ಸುತ್ತ ಚಪ್ಪಟೆಯಾಗಿ ಹರಡಿದ ಒಂದು ಗುಡ್ಡ.