ರುಬ್ಬುವುದು ಬೇರೆ, ಬೀಸುವುದು ಬೇರೆ

"ಅಜ್ಜಿ, ನೀನು ಒಂದ್ಸಲ ರುಬ್ಬು ಅಂತೀಯ, ಒಂದ್ಸಲ ಬೀಸು ಅಂತೀಯ, ಆಮೇಲೆ ಅರೆ, ಕುಟ್ಟು. ನನ್ನ ಹತ್ರ ಇರೋದು ಒಂದೇ ಮಿಕ್ಸಿ. ಒರಳು, ಗುಂಡು, ಬೀಸುಕಲ್ಲು ಎಲ್ಲಾ ಒಂದೇ ಅಲ್ವಾ?"

ಪುಟ್ಟಾ,

ಅಲ್ಲ. ಒಂದೊಂದು ಕಲ್ಲಿಗೂ ಒಂದೊಂದು ಕೆಲಸ. ಇದನ್ನು ನೀನೊಬ್ಬನೇ ಕೇಳಿದ್ದಲ್ಲ, ಹೊರದೇಶದಲ್ಲಿರುವ ನಮ್ಮ ನೆಂಟರ ಮಕ್ಕಳೆಲ್ಲ ಕೇಳುತ್ತಾರೆ. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂದು ಮರೆತುಬಿಡುತ್ತೀರಿ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಅಡುಗೆಮನೆಯ ಸಾಮಾನೆಲ್ಲ ಹೇಳಲು ಕೂತರೆ ಇವತ್ತಿಗೆ ಮುಗಿಯುವುದಿಲ್ಲ. ಇಡ್ಲಿ, ಚಟ್ನಿಗೆ ಯಾವ ಕಲ್ಲು ಬೇಕೋ ಅಷ್ಟನ್ನೇ ಹೇಳುತ್ತೇನೆ.

ಮೊದಲು ಬೀಸುಕಲ್ಲು. ಒಂದರ ಮೇಲೊಂದು ಕೂತ ಎರಡು ದುಂಡನೆಯ ಚಪ್ಪಟೆ ಕಲ್ಲುಗಳು. ಕೆಳಗಿನದರ ನಡುವೆ ಒಂದು ಗೂಟ ಇರುತ್ತದೆ. ಮೇಲಿನ ಕಲ್ಲಿನ ನಡುವೆ ತೂತು, ಅದೇ ಅದರ ಬಾಯಿ. ಅಂಚಿನಲ್ಲಿ ಮರದ ಹಿಡಿ. ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಬಾಯಿಗೆ ಕಾಳು ಹಾಕಬೇಕು. ಹಿಟ್ಟು ಸುತ್ತಲೂ ಉದುರುತ್ತದೆ, ಅದಕ್ಕೆ ಕೆಳಗೆ ಬಟ್ಟೆ ಹಾಸಿಕೊಳ್ಳುತ್ತಿದ್ದೆವು. ಒಣಗಿದ್ದನ್ನು ಮಾತ್ರ ಬೀಸಬೇಕು. ಒದ್ದೆ ಕಾಳು ಹಾಕಿದರೆ ಎರಡು ಕಲ್ಲಿನ ನಡುವೆ ಮೆತ್ತಿಕೊಂಡು ಕಲ್ಲು ತಿರುಗುವುದೇ ಇಲ್ಲ. ಜಾಸ್ತಿ ಬೀಸುವುದಿದ್ದರೆ ಇಬ್ಬರು ಎದುರುಬದುರು ಕೂತು ಒಂದೇ ಹಿಡಿ ಹಿಡಿಯುತ್ತಿದ್ದೆವು. ಬೀಸುವ ಪದಗಳು ಹುಟ್ಟಿದ್ದು ಇಲ್ಲಿಯೇ. ರಾಗಿ ಬೀಸಿ ಮುಗಿಯುವಷ್ಟು ಹೊತ್ತು ಬಾಯಿ ಮುಚ್ಚಿ ಕೂರಲು ಯಾರಿಗಾಗುತ್ತದೆ ಹೇಳು!

ಇಡ್ಲಿಗೆ ಬೇಕಾದ ಅಕ್ಕಿ ತರಿ ಆಗುತ್ತಿದ್ದದ್ದು ಈ ಕಲ್ಲಿನಲ್ಲೇ. ಅಕ್ಕಿ ತೊಳೆದು, ನೀರು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಬೇಕು. ಆಮೇಲೆ ಬೀಸುವುದು. ತರಿಯೋ ಹಿಟ್ಟೋ ಅಂತ ತೀರ್ಮಾನ ಮಾಡುವುದು ಕಾಳು ಹಾಕುವ ಕೈ. ಹಿಡಿ ತುಂಬ ಹಾಕಿದರೆ ಮೇಲಿನ ಕಲ್ಲು ಸ್ವಲ್ಪ ಎದ್ದು, ತರಿಯಾಗಿ ಬೀಳುತ್ತದೆ. ನಾಲ್ಕೇ ಕಾಳು ಹಾಕುತ್ತಾ ಹೋದರೆ ನುಣ್ಣಗೆ ಹಿಟ್ಟಾಗುತ್ತದೆ. ಕಾಳು ಹಾಕುವುದನ್ನು ಮರೆತರೆ ಕಲ್ಲಿಗೆ ಕಲ್ಲು ತಾಗಿ ಗರಗರ ಅನ್ನುತ್ತದೆ. ಆ ಸದ್ದು ಬಂತೆಂದರೆ ಹಿಟ್ಟಿಗೆ ಕಲ್ಲಿನ ಪುಡಿ ಸೇರುತ್ತಿದೆ ಅಂತಲೇ ಲೆಕ್ಕ. ಬೀಸಿದ ಮೇಲೆ ಜರಡಿ ಹಿಡಿಯುವುದು. ಕೆಳಗೆ ಬಿದ್ದ ಹಿಟ್ಟು ರೊಟ್ಟಿಗೆ, ಮೇಲೆ ಉಳಿದ ತರಿ ಇಡ್ಲಿಗೆ.

ನೀನು ಮಿಕ್ಸಿಯ ಒಣ ಜಾರಿನಲ್ಲಿ ಮಾಡು. ಒಂದೇ ಸಮ ಓಡಿಸಬೇಡ. ಗುಂಡಿ ಒತ್ತು, ಬಿಡು, ಮತ್ತೆ ಒತ್ತು. ಬೆರಳಲ್ಲಿ ಉಜ್ಜಿ ನೋಡಿದರೆ ಸಣ್ಣ ಉಪ್ಪಿಟ್ಟಿನ ರವೆಯಷ್ಟಿರಬೇಕು. ಅದಕ್ಕಿಂತ ನುಣ್ಣಗಾದರೆ ಇಡ್ಲಿ ಅಂಟಂಟಾಗುತ್ತದೆ. ದಪ್ಪವಾದರೆ ತಿನ್ನುವಾಗ ಮರಳು ಮರಳು.

ಇನ್ನು ಒರಳು. ನಡುವೆ ಗುಳಿ ಇರುವ ದೊಡ್ಡ ಕಲ್ಲು. ಗುಳಿಯೊಳಗೆ ತಿರುಗುವುದು ಗುಂಡು, ರುಬ್ಬುಗುಂಡು ಅಂತಲೂ ಅನ್ನುತ್ತೇವೆ. ಕೆಳಗೆ ದುಂಡಗೆ, ಮೇಲೆ ಹಿಡಿಯಲು ಸಣ್ಣಗೆ ಇರುತ್ತದೆ. ಇಲ್ಲಿ ನೆನೆಸಿದ್ದನ್ನು ಹಾಕಿ ರುಬ್ಬಬೇಕು. ಉತ್ತರ ಕರ್ನಾಟಕದವರು ಇದನ್ನು ಒಳಕಲ್ಲು ಅನ್ನುತ್ತಾರೆ. ದಕ್ಷಿಣ ಕನ್ನಡದ ಕಡೆ ಹೋದರೆ ಕಡೆಯುವ ಕಲ್ಲು. ನಮ್ಮ ಕಡೆ ಕಡೆಯುವುದು ಅಂದರೆ ಮೊಸರು ಮಾತ್ರ, ಹಾಗಾಗಿ ಮಂಗಳೂರಿನ ಗೆಳೆಯ "ಹಿಟ್ಟು ಕಡೆದೆ" ಅಂದರೆ ಗಾಬರಿಯಾಗಬೇಡ.

ಉದ್ದಿನಬೇಳೆ ಒಂದು ಲೋಟ, ತರಿ ಎರಡು ಲೋಟ. ಬೇಳೆಯನ್ನು ನಾಲ್ಕು ಗಂಟೆ ನೆನೆಸಿ ನೀರು ಬಸಿ. ಒರಳಿಗೆ ಹಾಕಿ, ಬಲಗೈಯಲ್ಲಿ ಗುಂಡು ತಿರುಗಿಸುತ್ತಾ, ಅಂಚಿಗೆ ಏರಿ ಬಂದ ಹಿಟ್ಟನ್ನು ಎಡಗೈಯಲ್ಲಿ ಮತ್ತೆ ಗುಳಿಗೆ ನೂಕುತ್ತಿರಬೇಕು. ಬೆರಳು ಜೋಪಾನ! ನೀರನ್ನು ಒಟ್ಟಿಗೆ ಸುರಿಯುವುದಿಲ್ಲ, ಕೈ ಅದ್ದಿ ಚಿಮುಕಿಸುವುದು. ನೀರು ಜಾಸ್ತಿಯಾದರೆ ಬೇಳೆ ಗುಂಡಿನ ಕೆಳಗೆ ಸಿಗದೆ ಜಾರಿಕೊಳ್ಳುತ್ತದೆ. ರುಬ್ಬುತ್ತಾ ರುಬ್ಬುತ್ತಾ ಗಾಳಿ ಸೇರಿ ಹಿಟ್ಟು ಉಬ್ಬುತ್ತದೆ, ಬಣ್ಣವೂ ಬೆಳ್ಳಗಾಗುತ್ತದೆ. ಒಂದು ಲೋಟ ನೀರಿಗೆ ಒಂದು ಚೂರು ಹಿಟ್ಟು ಬಿಟ್ಟು ನೋಡು. ತೇಲಿದರೆ ಆಯಿತು. ಮುಳುಗಿದರೆ ಇನ್ನೂ ರುಬ್ಬಬೇಕು.

ಮಿಕ್ಸಿ ಸೋಲುವುದು ಇಲ್ಲೇ. ಬ್ಲೇಡು ಬೇಳೆಯನ್ನು ಕತ್ತರಿಸುತ್ತದೆ, ಗುಂಡಿನ ಹಾಗೆ ಜಜ್ಜಿ ತಿಕ್ಕುವುದಿಲ್ಲ. ಮೇಲಾಗಿ ಬೇಗ ಬಿಸಿಯಾಗುತ್ತದೆ. ರುಬ್ಬುವಾಗಲೇ ಹಿಟ್ಟು ಬಿಸಿಯಾದರೆ ಹುದುಗು ಸರಿಯಾಗಿ ಬರುವುದಿಲ್ಲ. ನೀನು ಐಸ್ ನೀರು ಹಾಕಿ ರುಬ್ಬು. ಒಂದು ನಿಮಿಷ ಓಡಿಸಿ, ಎರಡು ನಿಮಿಷ ಬಿಡು. ತೇಲಿಸಿ ನೋಡುವ ಪರೀಕ್ಷೆ ಮಿಕ್ಸಿಗೂ ನಡೆಯುತ್ತದೆ. ಗ್ರೈಂಡರ್ ಕೊಳ್ಳಲೇ ಅಂತ ಕೇಳಿದ್ದೆಯಲ್ಲ, ವಾರಕ್ಕೊಮ್ಮೆ ಇಡ್ಲಿ ಮಾಡುವುದಾದರೆ ಕೊಳ್ಳು. ಕೊಯಮತ್ತೂರಿನಲ್ಲಿ ತಯಾರಾಗುವ ಆ ಗ್ರೈಂಡರಿನಲ್ಲೂ ಕಲ್ಲೇ ಇರುವುದು. ನಮ್ಮ ಒರಳಿನಲ್ಲಿ ಗುಂಡು ತಿರುಗುತ್ತಿತ್ತು, ಅದರಲ್ಲಿ ಪಾತ್ರೆ ತಿರುಗುತ್ತದೆ, ಅಷ್ಟೇ ವ್ಯತ್ಯಾಸ.

ತರಿಯನ್ನು ತೊಳೆದು, ಸ್ವಲ್ಪ ಹೊತ್ತು ನೆನೆಸಿ, ಹಿಂಡಿ, ಉದ್ದಿನ ಹಿಟ್ಟಿಗೆ ಉಪ್ಪಿನ ಜೊತೆ ಕೈಯಿಂದಲೇ ಕಲಸು. ನಿನ್ನೂರಿನ ಚಳಿಗೆ ಒಂದು ರಾತ್ರಿ ಸಾಲದು. ಓವನ್ ಹಚ್ಚಬೇಡ, ಅದರೊಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಡು. ಹಿಟ್ಟು ಮೇಲೆ ಬಂದು ಹುಳಿ ವಾಸನೆ ಬರುವವರೆಗೂ ಕಾಯಿ.

ಚಟ್ನಿಗೆ ಚಪ್ಪಟೆ ಕಲ್ಲಿದೆ, ಅರೆಯುವ ಕಲ್ಲು. ಅದರ ಮೇಲೆ ಉದ್ದನೆಯ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯುವುದು. ಹಾಗೆ ಎಳೆದು ನುಣ್ಣಗೆ ಮಾಡುವುದೇ ಅರೆಯುವುದು. ಒರಳಲ್ಲೂ ಚಟ್ನಿ ರುಬ್ಬುತ್ತೇವೆ, ಆದರೆ ಸ್ವಲ್ಪವೇ ಬೇಕಾದಾಗ ಈ ಕಲ್ಲೇ ಸಲೀಸು. ಮೊದಲು ಮೆಣಸಿನಕಾಯಿ, ಕಲ್ಲುಪ್ಪು. ಉಪ್ಪಿನ ಹರಳು ಮೆಣಸಿನಕಾಯಿಯ ಸಿಪ್ಪೆಯನ್ನು ಹಿಡಿದು ಅರೆಯುತ್ತದೆ. ಆಮೇಲೆ ಹುರಿಗಡಲೆ, ಕೊನೆಗೆ ತೆಂಗಿನತುರಿ. ಮೊದಲೇ ತೆಂಗಿನಕಾಯಿ ಹಾಕಿದರೆ ಅದು ಎಣ್ಣೆ ಬಿಟ್ಟು, ಮೆಣಸಿನಕಾಯಿ ಚೂರು ಚೂರಾಗಿಯೇ ಉಳಿಯುತ್ತದೆ. ಮಿಕ್ಸಿಯಲ್ಲೂ ಇದೇ ವರಸೆ ಇಟ್ಟುಕೋ.

ಈ ಕಲ್ಲುಗಳೆಲ್ಲ ಬಳಸುತ್ತಾ ನುಣುಪಾಗುತ್ತವೆ. ಕಾಳು ಜಾರುತ್ತದೆ, ಎಷ್ಟು ತಿರುಗಿಸಿದರೂ ಹಿಟ್ಟಾಗುವುದಿಲ್ಲ. ಆಗ ಕಲ್ಲು ಕುಟ್ಟುವವರನ್ನು ಕರೆಸಿ, ಉಳಿ, ಸುತ್ತಿಗೆಯಲ್ಲಿ ಮೈತುಂಬ ಸಣ್ಣ ಸಣ್ಣ ಗುಳಿ ಹೊಡೆಸಬೇಕು. ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಹೊಡೆಸಿದ ಮೇಲೆ ಒಂದೆರಡು ಸಲ ಸುಮ್ನೆ ಅಕ್ಕಿ ಹಾಕಿ ತಿರುಗಿಸಿ ಎಸೆಯಬೇಕು. ಇಲ್ಲದಿದ್ದರೆ ಚಟ್ನಿಯಲ್ಲಿ ಕಲ್ಲು ಸಿಗುತ್ತದೆ.

ಕುಟ್ಟುವುದು ಒನಕೆಯ ಕೆಲಸ. ತುದಿಗೆ ಕಬ್ಬಿಣದ ಬಳೆ ಹಾಕಿದ ಉದ್ದನೆಯ ಮರದ ಕೋಲು. ಚಿತ್ರದುರ್ಗದ ಓಬವ್ವನ ಕೈಯಲ್ಲಿದ್ದದ್ದು ಅದೇ. ಭತ್ತ, ಮೆಣಸಿನಪುಡಿ, ಅವಲಕ್ಕಿ ಎಲ್ಲಾ ಅದರಲ್ಲೇ ಆಗುತ್ತಿತ್ತು. ಇಡ್ಲಿಗೆ ಅದು ಬೇಡ, ನಿನಗೂ ಬೇಡ.

ಆದರೆ ಜಜ್ಜು ಅಂತ ಬರೆದಿದ್ದರೆ ಮಿಕ್ಸಿ ಮುಟ್ಟಬೇಡ. ಶುಂಠಿ, ಬೆಳ್ಳುಳ್ಳಿ, ಏಲಕ್ಕಿಗೆ ನಮ್ಮಲ್ಲಿ ಪುಟ್ಟ ಕುಟ್ಟಾಣಿ ಇದೆ. ನಿನ್ನ ಹತ್ತಿರ ಇಲ್ಲದಿದ್ದರೆ ಶುಂಠಿಯನ್ನು ಮಣೆಯ ಮೇಲಿಟ್ಟು ದಪ್ಪ ತಳದ ಸ್ಟೀಲ್ ಲೋಟದಲ್ಲಿ ಎರಡು ಏಟು ಹಾಕು. ನಾರು ಬಿಟ್ಟುಕೊಂಡು ರಸ ಬಂದರೆ ಸಾಕು, ಅದಕ್ಕಿಂತ ಪುಡಿ ಮಾಡಬೇಡ.

ಇತಿ,
ಅಜ್ಜಿ