ಹೂವಿಗಿಂತ ಮೊದಲು ಹೂದಾನಿಯ ಬಾಯಿ ನೋಡಿ

ಕಚೇರಿಗಳ ಸ್ವಾಗತ ಮೇಜು, ಸಭೆಯ ಕೋಣೆ, ಕೆಲವು ಮನೆಗಳ ಹಾಲ್‌ಗೆ ಹೂ ಜೋಡಿಸುವುದು ನನ್ನ ಕೆಲಸ. ಸುಮಾರು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ದೊಡ್ಡ ಸಮಾರಂಭಕ್ಕೆ ಹೂ ಬೇಕಾದಷ್ಟು ಸಿಗುತ್ತದೆ, ಅಲ್ಲಿ ಯೋಚನೆ ಇಲ್ಲ. ನಿಜವಾದ ಕೆಲಸ ಕಲಿತದ್ದು ಕಡಿಮೆ ದುಡ್ಡಿನ ಖಾಯಂ ಗಿರಾಕಿಗಳಿಂದ. ವಾರಕ್ಕೆ ಒಂದೆರಡು ಬಂಚ್ ಅಷ್ಟೇ, ಅದರಲ್ಲೇ ಮನೆ ತುಂಬಿದ ಹಾಗೆ ಕಾಣಬೇಕು ಅನ್ನುವವರು ಅವರು.

ನನಗೆ ಕೆಲಸ ಕಲಿಸಿದ ಅಕ್ಕ ಒಬ್ಬರಿದ್ದರು. ಯಾರಾದರೂ ಹೂ ಕೇಳಿಕೊಂಡು ಬಂದರೆ, "ಎಷ್ಟು ಹೂ ಬೇಕು" ಅಂತ ಅವರು ಕೇಳುತ್ತಿರಲಿಲ್ಲ. "ಯಾವುದರಲ್ಲಿ ಇಡ್ತೀರಿ? ಅದರ ಬಾಯಿ ಎಷ್ಟು ಅಗಲ?" ಅಂತ ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಅರ್ಧ ಲೆಕ್ಕ ಮುಗಿಯುತ್ತದೆ.

ಹೇಗೆ ಅಂತ ನೋಡೋಣ. ಬಾಯಿ 4 ಸೆಂ.ಮೀ. ಇರುವ ಬಾಟಲಿಗೆ ನಾಲ್ಕು ಕಡ್ಡಿ ಹೂ ಹಾಕಿದರೆ ಸಾಕು, ತುಂಬಿದ ಹಾಗೆ ಕಾಣುತ್ತದೆ. ಈಗ 12 ಸೆಂ.ಮೀ. ಬಾಯಿಯ ಗಾಜಿನ ಹೂದಾನಿ ತೆಗೆದುಕೊಳ್ಳಿ. ಅಗಲ ಮೂರು ಪಟ್ಟು, ಹಾಗಾದರೆ ಹನ್ನೆರಡು ಕಡ್ಡಿ ಸಾಕು ಅಂತ ಅನಿಸುತ್ತದೆ, ಅಲ್ವಾ? ಆದರೆ ತುಂಬಬೇಕಾಗಿರುವುದು ಇಡೀ ಬಾಯಿಯ ಜಾಗ. ಅದು ಒಂಬತ್ತು ಪಟ್ಟು ಜಾಸ್ತಿ. ಅಂದರೆ ಅದೇ ತುಂಬು ನೋಟಕ್ಕೆ ಹತ್ತಿರ ಹತ್ತಿರ ಮೂವತ್ತಾರು ಕಡ್ಡಿ ಬೇಕು. ಹತ್ತು ಹೂ ಹಾಕಿದರೆ ಅವೆಲ್ಲ ಅಂಚಿಗೆ ಒರಗಿಕೊಂಡು ಹೊರಗೆ ಬಾಗುತ್ತವೆ, ನಡುವೆ ಹಳ್ಳ ಬೀಳುತ್ತದೆ. ಹೂ ಚೆನ್ನಾಗಿಲ್ಲ ಅಂತ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಹೂವಿನದ್ದೇನೂ ತಪ್ಪಿಲ್ಲ, ಬಾಯಿ ಅಗಲ ಆಗಿದೆ ಅಷ್ಟೇ.

ಹಾಗಾಗಿ ಹೊಸ ಹೂದಾನಿ ಕೊಳ್ಳುವ ಮೊದಲು ಮನೆಯಲ್ಲಿರುವ ಸಣ್ಣ ಬಾಯಿಯ ಪಾತ್ರೆಗಳನ್ನು ಒಟ್ಟು ಮಾಡಿ. ಶರಬತ್ತಿನ ಖಾಲಿ ಬಾಟಲಿ, ಜಾಮ್ ಡಬ್ಬಿ, ಉದ್ದನೆಯ ಗಾಜಿನ ಲೋಟ, ಎಲ್ಲವೂ ಆಗುತ್ತದೆ. ಲೇಬಲ್ ಕಿತ್ತು, ಸೋಪು ಹಾಕಿ ಒಳಗೆ ಬ್ರಷ್ ಆಡಿಸಿ ತೊಳೆಯಿರಿ. ಕುಡಿಯುವ ಲೋಟ ಎಷ್ಟು ಶುದ್ಧವಾಗಿರಬೇಕೋ ಅಷ್ಟು ಶುದ್ಧ ಇರಬೇಕು. ಇದು ಬರೀ ನೋಟಕ್ಕಲ್ಲ, ಕಾರಣ ಮುಂದೆ ಹೇಳುತ್ತೇನೆ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಒಬ್ಬ ಗಿರಾಕಿಯ ಮನೆಯಲ್ಲಿ ಇದ್ದದ್ದು ಆ 12 ಸೆಂ.ಮೀ. ಬಾಯಿಯ ಹೂದಾನಿಯೇ. ತಂದಿದ್ದ ಹೂ: ಐದು ಕಡ್ಡಿ ಸ್ಪ್ರೇ ಸೇವಂತಿಗೆ, ಮೂರು ಗುಲಾಬಿ, ಎರಡು ಕಡ್ಡಿ ಹಸಿರು ಸೊಪ್ಪು. ಸ್ಪ್ರೇ ಸೇವಂತಿಗೆ ಅಂದರೆ ಒಂದೇ ಕಡ್ಡಿಯಲ್ಲಿ ಕವಲೊಡೆದು ಐದಾರು ಹೂ ಬಿಡುವ ಜಾತಿ. ದುಡ್ಡು ಕಡಿಮೆ ಇದ್ದಾಗ ನಾನು ಮೊದಲು ಹುಡುಕುವುದು ಇದನ್ನೇ. ಐದು ಕಡ್ಡಿಗೆ ಇಪ್ಪತ್ತೈದಕ್ಕೂ ಜಾಸ್ತಿ ಹೂ ಸಿಗುತ್ತವೆ, ಚೆನ್ನಾಗಿ ನೋಡಿಕೊಂಡರೆ ಎರಡು ವಾರ ಬಾಳುತ್ತವೆ. ಕೊಳ್ಳುವಾಗ ಎಲೆ ನೋಡಿ. ಸೇವಂತಿಗೆಯ ಎಲೆ ಹೂವಿಗಿಂತ ಮೊದಲೇ ಹಳದಿಯಾಗುತ್ತದೆ. ಎಲೆ ಗಟ್ಟಿ ಹಸಿರಾಗಿದ್ದರೆ ಬಂಚ್ ಹೊಸದು.

ಮೊದಲು ಎಲ್ಲ ಕಡ್ಡಿಗಳ ಬುಡ ಎರಡು ಸೆಂಟಿಮೀಟರ್‌ನಷ್ಟು ಕತ್ತರಿಸಿದೆ. ಓರೆಯಾಗಿ, ಹರಿತವಾದ ಚಾಕುವಿನಿಂದ. ಮೊಂಡು ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ, ನೀರು ಏರುವ ಸಣ್ಣ ನಾಳಗಳು ಅಲ್ಲೇ ಮುಚ್ಚಿಹೋಗುತ್ತವೆ. ಓರೆ ಯಾಕೆಂದರೆ, ನೇರವಾಗಿ ಕತ್ತರಿಸಿದ ತುದಿ ಪಾತ್ರೆಯ ತಳಕ್ಕೆ ಅಂಟಿ ಕುಳಿತರೆ ನೀರು ಎಳೆಯುವುದಕ್ಕೆ ಆಗುವುದಿಲ್ಲ. ಕತ್ತರಿಸಿದ ತಕ್ಷಣ ಬಕೆಟ್ ನೀರಿಗೆ. ಸುಮ್ನೆ ಮೇಜಿನ ಮೇಲೆ ಬಿಟ್ಟರೆ ನಾಳದೊಳಗೆ ಗಾಳಿ ಸೇರಿಕೊಳ್ಳುತ್ತದೆ, ಆಮೇಲೆ ನೀರಲ್ಲಿಟ್ಟರೂ ಹೂ ಬಾಡುತ್ತದೆ. ಬಕೆಟ್ಟನ್ನು ಬಿಸಿಲಿಲ್ಲದ ತಂಪು ಮೂಲೆಯಲ್ಲಿ ಎರಡು ಮೂರು ಗಂಟೆ ಬಿಡಬೇಕು. ಮನೆಯವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಈ ಕಾಯುವ ಕೆಲಸವನ್ನೇ. ದಾರಿಯಲ್ಲಿ ಬಾಯಾರಿ ಬಂದ ಹೂ ಮೊದಲು ಹೊಟ್ಟೆ ತುಂಬ ನೀರು ಕುಡಿಯಲಿ, ಆಮೇಲೆ ಜೋಡಿಸಿದರೆ ತಲೆ ಎತ್ತಿ ನಿಲ್ಲುತ್ತದೆ.

ನಂತರ ಹಂಚಿಕೆ. ಎರಡು ಕಡ್ಡಿ ಸೇವಂತಿಗೆಯ ಪಕ್ಕದ ಕವಲುಗಳನ್ನು, ನಡುಕಡ್ಡಿಗೆ ಸೇರುವ ಜಾಗಕ್ಕೇ ಕತ್ತರಿಸಿ ಬಿಡಿಸಿದೆ. ಹತ್ತು ಗಿಡ್ಡ ಹೂ ಸಿಕ್ಕವು. ಅವು ಗಿಡ್ಡ ಜಾಮ್ ಡಬ್ಬಿಗೆ ಹೋದವು. ಅದು ಊಟದ ಮೇಜಿಗೆ. ಎದುರು ಕುಳಿತವರ ಮುಖ ಮರೆಯಾಗಬಾರದು ಅಂತ ಹೂ ಡಬ್ಬಿಯ ಅಂಚಿಗಿಂತ ಸ್ವಲ್ಪ ಮೇಲೆ ನಿಲ್ಲುವಷ್ಟೇ ಬಿಟ್ಟೆ. ಒಂದು ಗುಲಾಬಿ, ಒಂದು ಚೂರು ಸೊಪ್ಪು ಸಣ್ಣ ಬಾಟಲಿಗೆ. ಅದು ಕೈ ತೊಳೆಯುವ ಜಾಗದ ಪಕ್ಕಕ್ಕೆ. ಉಳಿದ ಮೂರು ಸೇವಂತಿಗೆ, ಎರಡು ಗುಲಾಬಿ, ಮಿಕ್ಕ ಸೊಪ್ಪು ಹಾಲ್‌ಗೆ. ಆದರೆ ಅವರಿಗೆ ಆ ದೊಡ್ಡ ಹೂದಾನಿಯೇ ಬೇಕಿತ್ತು, ಯಾರೋ ಹತ್ತಿರದವರು ಕೊಟ್ಟದ್ದಂತೆ.

ಆಗ ಮಾಡಬೇಕಾದದ್ದು ಬಾಯಿಯನ್ನೇ ಸಣ್ಣದು ಮಾಡುವುದು. ಬೇಕಾಗಿರುವುದು ಪಾರದರ್ಶಕ ಸೆಲೋ ಟೇಪ್ ಮಾತ್ರ. ಹೂದಾನಿಗೆ ನೀರು ತುಂಬಿಸಿ, ಅಂಚನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಸ್ವಲ್ಪ ತೇವ ಇದ್ದರೂ ಟೇಪ್ ಹಿಡಿಯುವುದಿಲ್ಲ. ಬಾಯಿಯ ಮೇಲೆ ಉದ್ದಕ್ಕೆ ಮೂರು ಎಳೆ, ಅಡ್ಡಕ್ಕೆ ಮೂರು ಎಳೆ ಎಳೆದು ಅಂಟಿಸಿ. ತುದಿಗಳು ಹೊರಗಿನ ಅಂಚಿನಿಂದ ಒಂದು ಸೆಂಟಿಮೀಟರ್ ಮಾತ್ರ ಕೆಳಗೆ ಬರಲಿ. ಈಗ ಒಂದು ದೊಡ್ಡ ಬಾಯಿಯ ಬದಲು ಹತ್ತಾರು ಸಣ್ಣ ಕಿಂಡಿಗಳಾದವು. ಮೊದಲು ಅಂಚಿನ ಕಿಂಡಿಗಳಿಗೆ ಸೊಪ್ಪು, ಟೇಪನ್ನು ಅದೇ ಮರೆಮಾಡುತ್ತದೆ. ಆಮೇಲೆ ಸೇವಂತಿಗೆ. ಗುಲಾಬಿ ಕೊನೆಗೆ, ನಡುವಿನ ಕಿಂಡಿಗಳಿಗೆ. ಯಾವ ಕಡ್ಡಿಯೂ ಅಂಚಿಗೆ ಜಾರುವುದಿಲ್ಲ. ಮೂರು ಕಡ್ಡಿಯ ಸೇವಂತಿಗೆಯೂ ಹರಡಿಕೊಂಡು ಬಾಯಿ ಮುಚ್ಚಿತು.

ಎತ್ತರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೂದಾನಿಯ ಎತ್ತರದಷ್ಟೇ, ಇಲ್ಲವೇ ಅದರ ಒಂದೂವರೆ ಪಟ್ಟು ಹೂ ಮೇಲೆ ಕಂಡರೆ ಕಣ್ಣಿಗೆ ಸರಿ ಅನಿಸುತ್ತದೆ. ಹೂ ಕಡಿಮೆ ಇದ್ದರೆ ಗಿಡ್ಡ ಮಾಡುವುದೇ ಮೇಲು. ಗಿಡ್ಡ ಮಾಡಿದಷ್ಟೂ ಹೂಗಳು ಒತ್ತಾಗಿ ಬರುತ್ತವೆ. ಉದ್ದ ಕಡ್ಡಿಗೆ ದುಡ್ಡು ಕೊಟ್ಟಿದ್ದೇವೆ, ಕತ್ತರಿಸುವುದು ಹೇಗೆ ಅಂತ ಗಿರಾಕಿಗಳು ಹಿಂಜರಿಯುತ್ತಾರೆ. ಧೈರ್ಯವಾಗಿ ಕತ್ತರಿಸಿ.

ಈಗ ಶುದ್ಧದ ವಿಷಯ. ಹೂದಾನಿಯ ಹೂ ಬೇಗ ಹಾಳಾಗುವುದಕ್ಕೆ ನಾನು ಜಾಸ್ತಿ ಕಂಡ ಕಾರಣ ಕೊಳೆತ ನೀರು. ನೀರಲ್ಲಿ ಬ್ಯಾಕ್ಟೀರಿಯಾ ಬೆಳೆದು ಕಡ್ಡಿಯ ನಾಳಗಳ ತುದಿಯನ್ನು ಮುಚ್ಚಿಬಿಡುತ್ತದೆ. ಪಾತ್ರೆ ತುಂಬ ನೀರಿದ್ದರೂ ಹೂವಿಗೆ ಒಂದು ತೊಟ್ಟೂ ಏರುವುದಿಲ್ಲ. ನೀರಿನೊಳಗೆ ಮುಳುಗಿದ ಎಲೆ ಮೊದಲು ಕೊಳೆಯುತ್ತದೆ, ಅದಕ್ಕೇ ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ಎಲೆಯನ್ನೂ ಬಿಡಬಾರದು. ನೀರು ಮಬ್ಬಾಗಿದ್ದರೆ, ಕಡ್ಡಿ ಮುಟ್ಟಿದಾಗ ಲೋಳೆ ಲೋಳೆ ಅನಿಸಿದರೆ ಬದಲಾಯಿಸುವುದು ಆಗಲೇ ತಡವಾಗಿದೆ ಅಂತ ಲೆಕ್ಕ. ಎರಡು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ಹೊಸದು ಹಾಕಿ, ಬುಡ ಒಂದು ಸೆಂಟಿಮೀಟರ್ ಕತ್ತರಿಸಿ. ಟೇಪ್ ಹಾಕಿದ ಹೂದಾನಿಯಲ್ಲಿ ಪ್ರತಿ ಸಲ ಎಲ್ಲ ಬಿಚ್ಚಬೇಕಿಲ್ಲ. ಹೂಗಳನ್ನು ಒಂದು ಕೈಯಲ್ಲಿ ಹಿಡಿದು ಹಳೆ ನೀರು ಬಗ್ಗಿಸಿ, ನಡುವಿನ ಕಿಂಡಿಯಿಂದ ಹೊಸ ನೀರು ಬಿಟ್ಟು ತಿಳಿಯಾಗುವ ತನಕ ಹರಿಸಿ.

ನೀರಿಗೆ ಸಕ್ಕರೆ ಹಾಕಿದರೆ ಹೂ ಬಾಳುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಅರ್ಧ ನಿಜ. ಸಕ್ಕರೆ ಹೂವಿಗೆ ಆಹಾರವೇ, ಆದರೆ ಬ್ಯಾಕ್ಟೀರಿಯಾಕ್ಕೂ ಆಹಾರ. ಅಂಗಡಿಯಲ್ಲಿ ಸಿಗುವ ಹೂವಿನ ಪುಡಿಯಲ್ಲಿ ಸಕ್ಕರೆಯ ಜೊತೆ ಬ್ಯಾಕ್ಟೀರಿಯಾ ತಡೆಯುವ ಮದ್ದು, ನೀರನ್ನು ಸ್ವಲ್ಪ ಹುಳಿ ಮಾಡುವ ಪದಾರ್ಥ ಎರಡೂ ಇರುತ್ತವೆ. ಬಂಚ್ ಜೊತೆ ಪೊಟ್ಟಣ ಬಂದರೆ ಅದರ ಮೇಲೆ ಬರೆದಷ್ಟು ನೀರಿಗೆ ಹಾಕಿ. ಇಲ್ಲದಿದ್ದರೆ ಬರೀ ಸಕ್ಕರೆ ಹಾಕಲೇಬೇಡಿ, ಶುದ್ಧ ನೀರು ಸಾಕು.

ಆ ಮನೆಯ ಹೂ ಮುಂದೇನಾಯಿತು ಅನ್ನುವುದು ನನಗೆ ಮುಖ್ಯ, ಯಾಕೆಂದರೆ ದುಡ್ಡು ಉಳಿಯುವುದು ಇಲ್ಲೇ. ಕೆಲವು ದಿನಕ್ಕೆ ಒಂದು ಗುಲಾಬಿ ಕತ್ತು ಬಾಗಿಸಿತು. ಹೂವಿನ ಕೆಳಗಿನ ಕಡ್ಡಿ ಮೆತ್ತಗಾಗಿ ಬಗ್ಗಿದರೆ ನೀರು ಏರುತ್ತಿಲ್ಲ ಅಂತ ಅರ್ಥ. ಬುಡ ಮೂರು ಸೆಂಟಿಮೀಟರ್ ಕತ್ತರಿಸಿ, ಕತ್ತು ನೆಟ್ಟಗೆ ನಿಲ್ಲುವ ಹಾಗೆ ಕಾಗದದಲ್ಲಿ ಸುತ್ತಿ, ಉದ್ದನೆಯ ಪಾತ್ರೆಯ ಉಗುರುಬೆಚ್ಚಗಿನ ನೀರಲ್ಲಿ ಒಂದೆರಡು ಗಂಟೆ ನಿಲ್ಲಿಸಲು ಹೇಳಿದೆ. ಎದ್ದು ನಿಂತಿತು. ಎಲ್ಲ ಸಲವೂ ಆಗುವುದಿಲ್ಲ. ಕತ್ತು ಕಪ್ಪಾಗಿದ್ದರೆ ಬಿಟ್ಟುಬಿಡಿ.

ಗುಲಾಬಿಗಳು ಮುಗಿದಾಗ ಸೇವಂತಿಗೆ ಇನ್ನೂ ಗಟ್ಟಿಯಾಗಿತ್ತು. ಜನ ಆಗ ದೊಡ್ಡ ಹೂದಾನಿಯಲ್ಲೇ ಅರ್ಧ ಖಾಲಿ ಹೂ ಬಿಟ್ಟುಬಿಡುತ್ತಾರೆ. ಇಡೀ ಕೋಣೆ ಬಾಡಿದ ಹಾಗೆ ಕಾಣುತ್ತದೆ. ಹೂ ಕಡಿಮೆಯಾದಂತೆ ಬಾಯಿಯೂ ಸಣ್ಣದಾಗಬೇಕು. ಹಳದಿ ಎಲೆ ಕಿತ್ತು, ಕಡ್ಡಿ ಅರ್ಧಕ್ಕೆ ಕತ್ತರಿಸಿ, ಮೂರೂ ಕಡ್ಡಿಯನ್ನು ಲೋಟಕ್ಕೆ ವರ್ಗ ಮಾಡಿದೆವು. ಎರಡನೇ ವಾರ ಅದೇ ಹೂ, ಹೊಸ ಜೋಡಣೆ. ಕೊನೆಗೆ ಉಳಿದ ಬಿಡಿ ಹೂಗಳು ಅಗಲ ಬಟ್ಟಲಿನ ನೀರಲ್ಲಿ ತೇಲಿ ಇನ್ನೂ ಒಂದೆರಡು ದಿನ ನಿಂತವು.

ಇಡುವ ಜಾಗದಲ್ಲಿ ಒಂದೇ ಎಚ್ಚರಿಕೆ ಗಟ್ಟಿಯಾಗಿ ಹೇಳುತ್ತೇನೆ: ಹಣ್ಣಿನ ಬುಟ್ಟಿಯ ಪಕ್ಕ ಬೇಡ. ಮಾಗುವ ಹಣ್ಣು ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ, ಅದು ಹೂವಿಗೆ ಬೇಗ ಮುಪ್ಪು ತರುತ್ತದೆ. ಕಾರ್ನೇಷನ್ ಇದಕ್ಕೆ ತುಂಬ ಸೂಕ್ಷ್ಮ, ಎಸಳುಗಳು ಒಳಕ್ಕೆ ಮುದುಡಿಕೊಳ್ಳುತ್ತವೆ. ಉಳಿದಂತೆ ನೇರ ಬಿಸಿಲು, ಫ್ಯಾನಿನ ನೇರ ಗಾಳಿ ತಪ್ಪಿಸಿದರೆ ಸಾಕು.

ಈ ಹಂಚುವ ಪದ್ಧತಿ ಎಲ್ಲ ಹೂವಿಗೂ ಒಗ್ಗುವುದಿಲ್ಲ. ಗ್ಲಾಡಿಯೋಲಸ್‌ನಂತಹ ಉದ್ದ ಕದಿರಿನ ಹೂವನ್ನು ತುಂಡು ಮಾಡಿದರೆ ಅದರ ಅಂದವೇ ಹೋಗುತ್ತದೆ. ಅದಕ್ಕೆ ಎತ್ತರದ, ಭಾರದ ತಳವಿರುವ ಹೂದಾನಿಯೇ ಬೇಕು. ಜರ್ಬೆರಾ ಒಂಟಿಯಾಗಿ ಸಣ್ಣ ಬಾಟಲಿಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದರ ರೋಮದ ಕಡ್ಡಿ ಜಾಸ್ತಿ ನೀರಲ್ಲಿ ಬೇಗ ಕೊಳೆಯುತ್ತದೆ. ನಾಲ್ಕೈದು ಸೆಂಟಿಮೀಟರ್ ನೀರು ಸಾಕು. ಅಷ್ಟು ಕಡಿಮೆ ನೀರು ಬೇಗ ಇಳಿದುಹೋಗುತ್ತದೆ, ಹಾಗಾಗಿ ದಿನಾ ಒಮ್ಮೆ ನೋಡಿ ತುಂಬಿಸಬೇಕು.